ಅಗಸಗಿತ್ತಿ ಕಲ್ಲವ್ವ ಅರಮನೆಯ ಮಡಿಗೆ ಹೇಳಿದ ಮೂರು ಉತ್ತರ

"ಕೇಳಿರಯ್ಯಾ ಕೇಳಿರಿ! ರಾಜಕುಮಾರಿ ಲಚ್ಚಲದೇವಿಯವರು ಗುಡಿಯ ಮತ್ತು ಮನೆಯ ಮಡಿ-ಮೈಲಿಗೆಯ ಮೇಲೆ ಗ್ರಂಥ ಬರೆಯುತ್ತಿದ್ದಾರೆ. ಮೂರು ಕಡೆ ಲೇಖನಿ ನಿಂತಿದೆ. ಆ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಅಮಾವಾಸ್ಯೆಯ ಬೆಳಿಗ್ಗೆ ಹಾರುವುದು!"

ಈ ಡಂಗುರ ಹೊಡೆದವನು ನಾನೇ. ನಾನು ಹೊಡೆದ ಮೊದಲ ಏಟಿಗೇ ಮೂರು ಊರಾಚೆ ಹಾಲು ಒಡೆಯಿತಂತೆ. ಹೆಚ್ಚು ಹೇಳಿಕೊಳ್ಳುವುದು ನನ್ನ ಸ್ವಭಾವವಲ್ಲ, ಕತೆಗೆ ಬರುತ್ತೇನೆ.

ಆ ಊರಲ್ಲಿ ಅಗಸರ ಮಾಚಪ್ಪ ಆಗಲೇ ಸೆರೆಯಲ್ಲಿದ್ದ. ಗುಡಿಯ ಹಿರಿಯ ಅರ್ಚಕರ ಮಡಿಪಂಚೆ ಗಾಳಿಗೆ ಒಣಹಾಕಿದ ಗಳದಿಂದ ಬಿದ್ದಿತ್ತು. ಪಾಪ, ಕೆಸರಾಗುತ್ತದಲ್ಲ ಎಂದು ಮಾಚಪ್ಪ ಕೈಯಿಂದ ಎತ್ತಿ, ಕೋಲಿನಿಂದ ಮತ್ತೆ ಗಳಕ್ಕೆ ಹಾಕಿದ. ಅರ್ಚಕರು ಅದನ್ನೇ ಉಟ್ಟು ಗರ್ಭಗುಡಿಗೆ ಹೋದ ಮೇಲೆ, ಅಗಸ ಮುಟ್ಟಿದ್ದನ್ನು ಯಾರೋ ಹೇಳಿದರು. ಮಾಚಪ್ಪನ ತಲೆಗೂ ಅಮಾವಾಸ್ಯೆಯೇ ನಿಗದಿಯಾಯಿತು. ಅವನ ಮಗಳು ಕಲ್ಲವ್ವ, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಗಟಿಗೆ ನಿಂತವರ ಸಾಲಿನ ಕೊನೆಗೆ ಬಂದು ನಿಂತಳು. ಮುಂದಿದ್ದವರು ನಾಲ್ಕು ಮಾರು ದೂರ ಸರಿದರು. ಅವರು ಬಿಟ್ಟ ನೆರಳು ಇವಳಿಗೆ ಸಿಕ್ಕಿತು.

ರಾಜಕುಮಾರಿ ಮೊದಲ ಒಗಟು ಹೇಳಿದಳು. ಒಂದು ಬಟ್ಟೆ ಮೂರು ತಿಂಗಳಿಂದ ನೀರು ಕಂಡಿಲ್ಲ, ಆದರೂ ದೇವರ ಮುಂದೆ ಹೋಗುತ್ತದೆ. ಇನ್ನೊಂದು ನಿನ್ನೆ ಉಬ್ಬೆಯ ಹಬೆಯಲ್ಲಿ ಬೆಂದು ಹಾಲಿನಂತಾಗಿದೆ, ಅದನ್ನು ಹೊಸಲು ದಾಟಿಸುವುದಿಲ್ಲ. ಯಾಕೆ?

ಜಟ್ಟಿಯಂಥ ಪಾಳೆಯಗಾರನೊಬ್ಬ ಎದೆ ತಟ್ಟಿ, ಎರಡನೆಯದರಲ್ಲಿ ಎಲ್ಲೋ ಕಲೆ ಉಳಿದಿರಬೇಕು ಎಂದ. ಅವನನ್ನು ಸೆರೆಗೆ ಒಯ್ದರು. ಒಬ್ಬ ಶೆಟ್ಟರು, ಮೊದಲನೆಯದಕ್ಕೆ ಬೆಲೆ ಹೆಚ್ಚು ಎಂದರು. ಅವರೂ ಹೋದರು. ಸಾಲು ತಾನಾಗಿಯೇ ಕರಗತೊಡಗಿತು. ಕೆಲವರಿಗೆ ಮನೆಯಲ್ಲಿ ಹಾಲು ಉಕ್ಕುತ್ತಿರುವುದು ನೆನಪಾಯಿತು.

ಕಲ್ಲವ್ವ ಮುಂದೆ ಬಂದಳು. "ಮೊದಲನೆಯದು ರೇಷ್ಮೆ ತಾಯಿ. ಯಾರು ಮುಟ್ಟಿದರೂ ಅದಕ್ಕೆ ಮೈಲಿಗೆ ಅಂಟುವುದಿಲ್ಲ ಅಂತ ನೀವೇ ಇಟ್ಟುಕೊಂಡಿದ್ದೀರಿ. ಎರಡನೆಯದು ನಾವು ಒಗೆದ ಹತ್ತಿಬಟ್ಟೆ. ನಾವು ಬೆಳ್ಳಗೆ ಮಾಡಿ ತಂದದ್ದನ್ನು ನಿಮ್ಮ ಮನೆಯವರು ಮತ್ತೆ ನೀರಲ್ಲಿ ಅದ್ದಿ, ಯಾರ ಕೈಗೂ ಎಟುಕದ ಗಳಕ್ಕೆ ಕೋಲಿನಿಂದ ಹಾಕುತ್ತಾರೆ. ಕೊಳೆಯೇ ಮೈಲಿಗೆಯಾಗಿದ್ದರೆ ಸಗಣಿಯಿಂದ ದೇವರ ಮನೆ ಸಾರಿಸುತ್ತಿದ್ದಿರಾ? ಕೊಳೆ ಕಣ್ಣಿಗೆ ಕಾಣುತ್ತದೆ. ಮೈಲಿಗೆ, ಯಾವುದು ಎಲ್ಲಿರಬೇಕು, ಯಾರು ಯಾವುದನ್ನು ಮುಟ್ಟಬೇಕು ಅನ್ನುವ ಗೆರೆ. ಗೆರೆ ದಾಟಿದ್ದಕ್ಕೆ ಆ ಹೆಸರು."

ಲೇಖನಿ ಓಡಿತು. ಎರಡನೆಯ ಒಗಟು ಅರಮನೆಯದ್ದೇ. ಒಂಬತ್ತು ದಿನದ ಹಿಂದೆ ದೊರೆಗೆ ಮೊಮ್ಮಗ ಹುಟ್ಟಿದ್ದ. ಹೊಕ್ಕುಳಬಳ್ಳಿ ಕೊಯ್ದ ಸೂಲಗಿತ್ತಿ ಒಂದು ಸ್ನಾನ ಮಾಡಿ ತನ್ನ ಮನೆಯ ಅಡುಗೆಗೆ ಹೋದಳು. ತೊಟ್ಟಿಲನ್ನೇ ನೋಡದ ದೊರೆ ಹತ್ತು ದಿನ ಗುಡಿ ಹತ್ತುವಂತಿಲ್ಲ. ನೂರು ಹರದಾರಿ ಆಚೆಯ ದಾಯಾದಿಗೂ ಹಾಗೇ. ಸಾವಿನಲ್ಲೂ ಹೀಗೆಯೇ. ಮುಟ್ಟದವರಿಗೆ ಸೂತಕ ಯಾವ ದಾರಿಯಲ್ಲಿ ಬಂತು?

ಉಳಿದಿದ್ದ ಜೋಯಿಸರೊಬ್ಬರು ಗಾಳಿಯಲ್ಲಿ ಬಂತು ಎಂದರು. ಗಾಳಿಯಂತೆಯೇ ಅವರನ್ನೂ ಒಯ್ದರು.

"ವಂಶದ ದಾರಿಯಲ್ಲಿ ತಾಯಿ," ಎಂದಳು ಕಲ್ಲವ್ವ. "ಮಗು ಬಂದರೂ ಮುದುಕ ಹೋದರೂ ಮನೆಯ ತಲೆಯೆಣಿಕೆ ಬದಲಾಗುತ್ತದೆ. ಲೆಕ್ಕ ಮತ್ತೆ ಕೂಡುವ ತನಕ, ಹತ್ತು ದಿನ ಆ ಮನೆಗೆ ಗೋಡೆಯೇ ಇಲ್ಲದ ಹಾಗೆ. ಆ ಮನೆಯವರು ಯಾರು ಅಂತ ಊರಿಗೆ ಹೇಳುವುದೇ ಸೂತಕದ ಕೆಲಸ. ಅದಕ್ಕೇ ನೀರಿನಿಂದ ಹೋಗುವುದಿಲ್ಲ, ದಿನ ತುಂಬಬೇಕು."

ದೊರೆ ಮೀಸೆಯ ಮೇಲಿಂದ ಕೈ ತೆಗೆದ. ಅರ್ಚಕರು, ಇವಳು ನಿಂತ ಕಡೆ ನೀರು ಚಿಮುಕಿಸಬೇಕು ಎಂದು ಗೊಣಗಿದರು. ರಾಜಕುಮಾರಿ ತಲೆ ಎತ್ತದೆ ಮೂರನೆಯದನ್ನು ಕೇಳಿದಳು. ಎಲ್ಲರ ಮೈಲಿಗೆಯನ್ನೂ ತೆಗೆಯುವುದು ಒಂದಿದೆ. ತೆಗೆದಷ್ಟೂ ತಾನೇ ಮೈಲಿಗೆ. ಅದು ಯಾವುದು? ಯಾಕೆ ಹಾಗೆ?

ಅರ್ಚಕರಿಗೆ ತಡೆಯಲಾಗಲಿಲ್ಲ. ನದಿ, ಎಂದುಬಿಟ್ಟರು.

"ಹರಿಯುವ ನದಿ ಎಂದಾದರೂ ಮೈಲಿಗೆ ಆಗಿದೆಯೇ ಸ್ವಾಮಿ?" ಎಂದಳು ಕಲ್ಲವ್ವ. "ಅದು ನನ್ನ ಅಪ್ಪ. ನಿಮ್ಮ ಬಾಣಂತಿಯ ಬಟ್ಟೆ, ಹೆಣದ ಬಟ್ಟೆ ಎರಡೂ ಅವನ ಹೆಗಲ ಮೇಲೆ ಹೋಗುತ್ತವೆ. ಅವನು ಒಗೆದ ಬಟ್ಟೆ ಬರದೆ ನಿಮ್ಮ ಸೂತಕ ಕಳೆಯುವುದಿಲ್ಲ. ದೇವರ ಪಲ್ಲಕ್ಕಿ ಅವನು ಹಾಸಿದ ಮಡಿಬಟ್ಟೆಯ ಮೇಲೇ ನಡೆಯುತ್ತದೆ. ನಾವು ಮೈಲಿಗೆಯಾಗಿದ್ದೆವು ಅಂತ ಆ ಕೆಲಸ ಬಂದದ್ದಲ್ಲ. ನೀವು ಮೇಲೆ ನಿಲ್ಲಬೇಕಾದರೆ ನಿಮ್ಮ ಮೈಲಿಗೆಯನ್ನು ಯಾರಾದರೂ ಕೆಳಗೆ ನಿಂತು ಹೊರಬೇಕು. ಹೊತ್ತವರಿಗೆ ಆ ಹೆಸರು ಕಟ್ಟಿದಿರಿ. ನಾವು ಆ ಹೊರೆ ಕೆಳಗಿಳಿಸಿದ ದಿನ ನಿಮ್ಮ ಮಡಿ ಎಲ್ಲಿರುತ್ತದೆ, ಅದನ್ನೂ ಬರೆದುಕೊಳ್ಳಿ."

ಮೂರೂ ಸರಿ, ಎಂದಳು ರಾಜಕುಮಾರಿ. ಏನು ಬೇಕು ಕೇಳು, ಎಂದ ದೊರೆ. ಕಲ್ಲವ್ವ ಅಪ್ಪನ ತಲೆ ಕೇಳಿದಳು. ಜೊತೆಗೆ ಸೆರೆಯಲ್ಲಿದ್ದ ಎಲ್ಲರ ತಲೆಗಳನ್ನೂ, ಈಗ ತಪ್ಪು ಹೇಳಿದ ಅರ್ಚಕರದ್ದನ್ನೂ ಸೇರಿಸಿ ಕೇಳಿದಳು. ಎಲ್ಲವೂ ಕುತ್ತಿಗೆಯ ಮೇಲೆಯೇ ಸಿಕ್ಕವು.

ಮಾಚಪ್ಪ ಹೊರಬಂದ ಕೂಡಲೇ ಅರಮನೆಯ ಪಾರುಪತ್ಯಗಾರ ಓಡಿಬಂದ. ನಾಳೆಗೆ ಹತ್ತು ದಿನ ತುಂಬುತ್ತದೆ, ಬಾಣಂತಿ ಬಟ್ಟೆಯ ಗಂಟು ಹಿತ್ತಲಲ್ಲಿದೆ, ಬೇಗ ಒಯ್ಯಪ್ಪ ಎಂದ. ಮಾಚಪ್ಪನ ಕೈ ರೂಢಿಯಂತೆ ಚಾಚಿತು. ಕಲ್ಲವ್ವ ಆ ಕೈ ಹಿಡಿದಳು.

"ಬೇಡಪ್ಪ. ಮೈಲಿಗೆ ತೆಗೆಯುವುದು ಹೇಗೆ ಅಂತ ಅವರ ಗ್ರಂಥದಲ್ಲಿದೆ, ಅವರೇ ಒಗೆಯಲಿ."

ಸೂತಕದ ಹತ್ತು ದಿನ ಹದಿನೈದಾಯಿತು. ಗುಡಿಯ ಮೆಟ್ಟಿಲಲ್ಲಿ ದೊರೆ ಹೊರಗೇ ನಿಂತು ಕೈಮುಗಿದ. ಬೇರೆ ಊರಿನ ಅಗಸರನ್ನು ಕರೆದರೆ, ಸುದ್ದಿ ಅವರಿಗೂ ಮುಟ್ಟಿತ್ತು, ಯಾರೂ ಬರಲಿಲ್ಲ. ಹದಿನಾರನೆಯ ದಿನ ಲಚ್ಚಲದೇವಿ ಗಂಟನ್ನು ತಾನೇ ಹೊತ್ತು ಹೊಳೆಗೆ ಇಳಿದಳು. ಬಟ್ಟೆ ಬಡಿಯುವುದನ್ನು ಹೇಳಿಕೊಟ್ಟವನು ನಾನು. ನನ್ನ ಒಂದು ಏಟಿಗೆ ಬಂಡೆ ಎರಡಾಯಿತು, ಬೇಕಾದರೆ ಹೋಗಿ ನೋಡಿ. ಕಲ್ಲವ್ವ ದಡದಲ್ಲಿ ಕೂತು, ಇನ್ನೂ ಹಿಂಡಬೇಕು ತಾಯಿ, ಎನ್ನುತ್ತಿದ್ದಳು.

ಸಂಜೆ ರಾಜಕುಮಾರಿ ಒದ್ದೆ ಕೈಯಲ್ಲೇ ನೆಟ್ಟಗೆ ಗುಡಿಯೊಳಗೆ ಹೋದಳು. ಅರ್ಚಕರು ಬಾಗಿಲಿಂದ ಪಕ್ಕಕ್ಕೆ ಸರಿದರು. ಆ ರಾತ್ರಿ ಅವಳು ಅಧ್ಯಾಯ ಮುಗಿಸಿದಳು. ಕೊನೆಯ ಸಾಲು ಇಷ್ಟೇ: "ನಾನು ಒಗೆದೆ. ನನಗೆ ಏನೂ ಅಂಟಲಿಲ್ಲ, ಏಕೆಂದರೆ ಅಂಟಿತು ಎನ್ನಲು ನನಗಿಂತ ಮೇಲೆ ಯಾರೂ ನಿಂತಿರಲಿಲ್ಲ."