ತಲೆಯ ಮೇಲಿನ ಹಿಡಿ ಮಣ್ಣು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ರಾಚಪ್ಪನವರು. ಹೊಲದ ಬದುವಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರು.

ಕುಂದನಾಡಿನ ಅರಸನು ಡಂಗುರ ಹೊಡೆಸಿದನಂತೆ: "ಮೂಡಣ ಮಠಕ್ಕೂ ಪಡುವಣ ಮಠಕ್ಕೂ ನಡುವಿನ ಹಂಸಗೆರೆ ಗದ್ದೆ ಯಾರದೆಂದು ತೀರ್ಮಾನವಾಗಬೇಕು. ಎರಡೂ ಮಠಗಳಿಗೆ ಭೂಮಿ ಧಾರೆಯೆರೆದ ನಮ್ಮ ತಂದೆಯವರು ಮೂರು ಒಗಟು ಬಿಟ್ಟುಹೋಗಿದ್ದಾರೆ. ಅವನ್ನು ಬಿಡಿಸಬಲ್ಲವನಿಗೇ ಎಲ್ಲೆ ಗೊತ್ತು ಎಂದಿದ್ದಾರೆ. ಬಿಡಿಸಿದವನಿಗೆ ಬೇಡಿದ್ದು ಕೊಡುತ್ತೇವೆ. ತಪ್ಪಿದವನ ತಲೆ ಹೋಗುತ್ತದೆ."

ವ್ಯಾಜ್ಯ ಹುಟ್ಟಿದ್ದು ಪ್ರವಾಹದಿಂದ. ಹಳ್ಳ ಉಕ್ಕಿ ಎಲ್ಲೆಗಲ್ಲನ್ನು ಕೊಚ್ಚಿಕೊಂಡು ಹೋಯಿತು. ಆಮೇಲೆ ಅದೇ ಕಲ್ಲು ಗದ್ದೆಯ ಆಚೆ ಬದಿಯಲ್ಲಿ ನೆಟ್ಟಗೆ ನಿಂತಿತ್ತು. ನಿಲ್ಲಿಸಿದವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ. ಎರಡೂ ಮಠಗಳ ಸಾಕ್ಷಿಗಳು ದೇವರ ಮುಂದೆ ಒಬ್ಬರಿಗೊಬ್ಬರು ಎದುರಾಗಿ ನುಡಿದರು. ತೀರ್ಮಾನವಾಗುವ ತನಕ ಗದ್ದೆಗೆ ನೇಗಿಲು ಇಳಿಯಕೂಡದು, ತೂಬಿನ ನೀರು ಬಿಡಕೂಡದು ಎಂದು ಅರಮನೆಯ ಕಟ್ಟು ಬಿತ್ತು. ಮಡಿಯಲ್ಲಿ ಎದ್ದ ಸಸಿ ಹಳದಿಯಾಗುತ್ತಿತ್ತು.

ಸೋಮನಾಥ ದೇವಸ್ಥಾನದ ಮಂಟಪದಲ್ಲಿ ಸಭೆ ಕೂಡಿತು. ನಡೆದದ್ದನ್ನೆಲ್ಲ ಕಡತದಲ್ಲಿ ಬರೆಯಲು ದೇವಸ್ಥಾನದ ಸೇನಬೋವ ಕೇತಣ್ಣ ಬಳಪ ಹಿಡಿದು ಕೂತಿದ್ದ. ದೇವಸ್ಥಾನ ಪಡುವಣ ಮಠದ ಆಡಳಿತಕ್ಕೆ ಸೇರಿದ್ದು. ಅವನ ಮನೆಯ ಅಕ್ಕಿ ಬರುವುದು ಅಲ್ಲಿಂದಲೇ.

ಮೂಡಣ ಮಠದ ವಿಷ್ಣುಶಾಸ್ತ್ರಿಗಳು ಮೊದಲು ಎದ್ದರು. ಅರಸ ಕೇಳಿದ: "ಕಾಲಿಲ್ಲ, ಆದರೂ ಕದ್ದು ನಡೆಯುತ್ತದೆ. ಬಾಯಿಲ್ಲ, ಆದರೂ ಸಾಕ್ಷಿ ನುಡಿಯುತ್ತದೆ. ಯಾವುದು?"

"ನೆರಳು, ಮಹಾಸ್ವಾಮಿ."

"ಅಲ್ಲ."

ಭಟರು ಅವರ ತೋಳು ಹಿಡಿದೆಳೆದು ಕಂಬಕ್ಕೆ ಕಟ್ಟಿದರು. "ತಲೆದಂಡ" ಎಂದು ಬರೆಯುವಾಗ ಕೇತಣ್ಣನ ಬಳಪ ಮುರಿಯಿತು.

ಪಡುವಣ ಮಠದ ಪಾರುಪತ್ಯಗಾರ ನಂಜಯ್ಯ ಎದ್ದ. "ಅದು ಎಲ್ಲೆಗಲ್ಲು" ಅಂದ. ಸರಿಯಾಗಿತ್ತು. ಆದರೆ ಹಾಗನ್ನುವಾಗ ಅವನ ಹಣೆ ಬೆವೆತಿತ್ತು.

ಅರಸ ಎರಡನೆಯದನ್ನು ಕೇಳಿದ: "ಬೆಂಕಿಯಲ್ಲಿ ಸತ್ತದ್ದನ್ನು ಮಣ್ಣಲ್ಲಿ ಹೂತರು. ಗೆದ್ದಲು ತಿನ್ನದು, ಮಳೆ ಕರಗಿಸದು. ಯಾವುದು?"

"ಚಿನ್ನ, ಮಹಾಸ್ವಾಮಿ."

"ಚಿನ್ನ ಬೆಂಕಿಯಲ್ಲಿ ಸಾಯುತ್ತದೇನಯ್ಯ?"

ಅವನನ್ನೂ ಕಂಬಕ್ಕೆ ಕಟ್ಟಿದರು.

ಕೇತಣ್ಣನಿಗೆ ಉತ್ತರ ಗೊತ್ತಿತ್ತು. ಅವನು ಚಿಕ್ಕವನಿದ್ದಾಗ ಎಲ್ಲೆ ಹಾಕಿದ ಹಿರಿಯರು ಅವನನ್ನೂ ಸೇರಿಸಿ ಊರಿನ ನಾಲ್ವರು ಮಕ್ಕಳನ್ನು ಕರೆದೊಯ್ದಿದ್ದರು. ಮಡಕೆಯಲ್ಲಿ ಇದ್ದಿಲು, ಹೊಟ್ಟು, ಬೆಣಚುಕಲ್ಲು ತುಂಬಿ, ಕಲ್ಲಿನ ಬುಡದಲ್ಲಿ ಹೂಳುವುದನ್ನು ತೋರಿಸಿ, ಬಾಯಿಗೆ ಬೆಲ್ಲ ಇಟ್ಟು, "ನಾವು ಸಾಯುತ್ತೇವೆ, ನೀವು ನೆನಪಿಡಿ" ಅಂದಿದ್ದರು. ಉಳಿದ ಮೂವರು ಸಿಡುಬಿಗೆ ಹೋದರು. ಬರೆಯುವವನು ಸಾಕ್ಷಿ ನುಡಿಯುವ ರೂಢಿಯಿಲ್ಲ. ನಿಜ ಹೇಳಿದರೆ ಅನ್ನ ಹಾಕಿದ ಮಠವೇ ಸೋಲುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಎಲ್ಲೆ ತೋರಿಸುವವನು ಮಕ್ಕಳ ಮೇಲೆ ಆಣೆಯಿಡಬೇಕು. ಅವನಿಗೆ ಇರುವುದು ಒಬ್ಬಳೇ ಮಗಳು, ಸಾತವ್ವ.

ಆಗ ಗದ್ದೆ ಗೇಯುವ ಹೊನ್ನಜ್ಜ ಕೋಲೂರಿಕೊಂಡು ಎದ್ದ.

"ಅಜ್ಜಾ, ನಿಂಗೇನು ಗೊತ್ತು? ಕೂತ್ಕೊ!" ಕೇತಣ್ಣ ಪಿಸುಗುಟ್ಟಿದ.

"ಗೊತ್ತಿಲ್ಲಪ್ಪಾ. ಸಸಿ ಒಣಗ್ತಾ ಇದೆ. ಏನೋ ಒಂದು ಅಂದೇನು. ನನ್ನ ಹೆಸರು ಗುಂಡಗೆ ಬರಿ. ಕಡತದಲ್ಲಾದರೂ ಚೆಂದ ಕಾಣಲಿ."

ಕೇತಣ್ಣ ಬಳಪ ಕೆಳಗಿಟ್ಟ. ಕಂಬ ಹಿಡಿದು ಎದ್ದ. "ಮಹಾಸ್ವಾಮಿ, ಕಲ್ಲು ನಡೆಯುತ್ತದೆ. ಅದಕ್ಕೇ ಅದರ ಬುಡದಲ್ಲಿ ನಡೆಯದಿರುವುದನ್ನು ಹೂಳುತ್ತಾರೆ. ಎರಡನೆಯದು ಇದ್ದಿಲು."

ನಂಜಯ್ಯ ಕಂಬದಿಂದಲೇ ಕೂಗಿದ: "ಉಂಡ ಮನೆಗೆ ಎರಡು ಬಗೀತೀಯೇನೋ!"

ಅರಸ ಕೈ ಎತ್ತಿದ. "ಮೂರನೆಯದು. ಹಿಡಿಯಷ್ಟೇ ಹೊರೆ. ಎತ್ತಿಗೆ ಹೊರಿಸಿದರೆ ಲೆಕ್ಕಕ್ಕಿಲ್ಲ. ಮನುಷ್ಯ ಹೊತ್ತರೆ ಮನೆಮಂದಿಯೆಲ್ಲ ನಡುಗುತ್ತಾರೆ. ಯಾವುದು?"

"ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಬುದ್ಧಿ. ಹೊತ್ತೇ ತೋರಿಸಬೇಕು."

ಎಲ್ಲೆ ನಡೆಯುವವರ ರೂಢಿಯಂತೆ ಅವನು ಮಿಂದು, ಕೆಂಪು ಬಟ್ಟೆ ಉಟ್ಟು, ಕೆಂಪು ಕಣಗಿಲೆ ಹಾರ ಹಾಕಿಕೊಂಡ. ಗದ್ದೆಯ ಮಣ್ಣನ್ನು ಹಿಡಿ ತುಂಬ ತೆಗೆದು ತಲೆಯ ಮೇಲಿಟ್ಟುಕೊಂಡ. "ತಪ್ಪು ಎಲ್ಲೆ ತುಳಿದರೆ ನನ್ನ ಮಗಳು ನನಗಿಲ್ಲ" ಎಂದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಹಿಂತಿರುಗಿ ನೋಡಲಿಲ್ಲ. ಹಳ್ಳದ ತಿರುವಿನಿಂದ ಹಳೆಯ ಹುಣಸೆಯ ತನಕ ಮಾತಿಲ್ಲದೆ ನಡೆದು, ಅಲ್ಲಿ ಕೂತು ನೆಲ ಮುಟ್ಟಿದ. ಅಗೆದರು. ಗುದ್ದಲಿಗೆ ಮಡಕೆ ತಗುಲಿತು. ಇದ್ದಿಲು ಹೊಸದಾಗಿ ಸುಟ್ಟಂತೆ ಕಪ್ಪಗಿತ್ತು.

ಮೂಲೆ ಸಿಕ್ಕಿತು. ಆದರೆ ಮೂಲೆಯಿಂದ ಹಳ್ಳದವರೆಗಿನ ಗೆರೆಗೆ ಅವನ ಕಾಲೇ ಸಾಕ್ಷಿ. ಆದ್ದರಿಂದ ಧರ್ಮದ ಪ್ರಕಾರ ಮೂರು ಪಕ್ಷ, ಅಂದರೆ ನಲವತ್ತೈದು ದಿನ, ಕಾಯಬೇಕು. ಅಷ್ಟರಲ್ಲಿ ನಡೆದವನ ಮನೆಗೆ ಕೇಡು ಬಂದರೆ ನಡಿಗೆ ಸುಳ್ಳು, ತಲೆಯೂ ಹೋಗುತ್ತದೆ.

"ಕಾಯುವ ಹೊತ್ತಿಗೆ ಸಸಿ ಸಾಯುತ್ತದೆ. ತೂಬು ಬಿಡಿಸಿ, ಬುದ್ಧಿ" ಎಂದು ಕೇತಣ್ಣ ಬೇಡಿದ. ಬೆಳೆ ಗೆದ್ದವರಿಗೆ ಸೇರಲಿ ಎಂದು ಅರಸ ಬಿಡಿಸಿದ. ತಲೆದಂಡ ಬಿದ್ದ ಇಬ್ಬರನ್ನು ಗಡುವಿನ ತನಕ ಸೆರೆಯಲ್ಲಿಟ್ಟ.

ಆ ಮೂರು ಪಕ್ಷ ಕೇತಣ್ಣ ಬದುಕಿದ್ದನೆನ್ನುವ ಹಾಗಿಲ್ಲ. ಸಾತವ್ವ ಕೆಮ್ಮಿದರೆ ಉಣ್ಣುವುದನ್ನು ಬಿಟ್ಟು ಏಳುತ್ತಿದ್ದ. ಒಂದು ಸಂಜೆ ಅವಳ ಮೈ ಸುಟ್ಟಿತು. "ನಿಮ್ಮ ಕಾಲು ಎಲ್ಲಾದರೂ ತಪ್ಪಿತೇನ್ರೀ?" ಎಂದು ಹೆಂಡತಿ ಕೇಳಿದಳು. ಅವನದು ಹುಡುಗನಾಗಿದ್ದಾಗಿನ ನೆನಪು, ಒಂದು ಹೆಜ್ಜೆ ಅತ್ತಿತ್ತ ಆಗಿರಬಾರದೇ? ಸೋಮನಾಥನ ಮುಂದೆ ಅಡ್ಡಬಿದ್ದ. ಬೆಳಗಿನ ಹೊತ್ತಿಗೆ ಹುಡುಗಿ ಬೆವೆತು, "ಅಪ್ಪಾ, ಹಸಿವು" ಅಂದಳು.

ಗಡುವು ಮುಗಿದ ದಿನ ಗದ್ದೆ ಮೂಡಣ ಮಠಕ್ಕೆ ಸೇರಿತು. ಕೊಚ್ಚಿಹೋದ ಕಲ್ಲನ್ನು ಆಚೆ ಬದಿಯಲ್ಲಿ ನೆಟ್ಟವನು ತಾನೇ ಎಂದು ನಂಜಯ್ಯ ಒಪ್ಪಿಕೊಂಡ. ಕೇತಣ್ಣನ ಮೂರನೆಯ ಉತ್ತರವನ್ನು ಅರಸ ತಾನೇ ಕಡತದಲ್ಲಿ ಬರೆದ: ಎಲ್ಲೆ ನಡೆಯುವವನ ತಲೆಯ ಮಣ್ಣು. "ಏನು ಬೇಕು, ಕೇಳು" ಅಂದ.

"ಶಾಸ್ತ್ರಿಗಳದು, ನಂಜಯ್ಯನದು, ಇಬ್ಬರ ತಲೆ, ಬುದ್ಧಿ. ಅವರವರ ಮೈಮೇಲೇ ಇರಲಿ."

ಅರಸ ಒಪ್ಪಿದ. ಜೊತೆಗೆ, ಯಾವ ಮಠದ ಹಂಗೂ ಇಲ್ಲದ ಉಂಬಳಿ ಕೊಟ್ಟ.

ಮಡಕೆಯನ್ನು ಮತ್ತೆ ಹೂಳುವ ದಿನ ಕೇತಣ್ಣ ಊರಿನ ಮಕ್ಕಳನ್ನೆಲ್ಲ ಕರೆತಂದ. ನಾಲ್ಕೇ ಮಂದಿ ಸಾಲದೆಂದು ಅವನಿಗೆ ಗೊತ್ತಾಗಿತ್ತು. ಸಾತವ್ವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಬಾಯಿಗೆ ಬೆಲ್ಲ ಇಟ್ಟ.

ಮಾವನವರೂ ಈ ಕತೆ ಮುಗಿಸಿ ನನ್ನ ಕೈಗೆ ಒಂದು ಚೂರು ಬೆಲ್ಲ ಕೊಟ್ಟಿದ್ದರು. ಓದಿದವರು ನಿಮ್ಮ ಮನೆಯ ಮಗುವೊಂದನ್ನು ಹತ್ತಿರ ಕೂರಿಸಿಕೊಂಡು ಇದನ್ನು ಹೇಳಿ. ಬೆಲ್ಲ ಮರೆಯಬೇಡಿ.