ಮಿಂಚಿನ ಮಾತಿಗೆ ಗುಡುಗು ಕಾಯಲು ಕಲಿತದ್ದು

ಲೋಕದ ಮಣ್ಣು ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ಎದ್ದು ನಿಂತಿದ್ದವು. ನದಿಗಳಿಗೆ ತಮ್ಮ ದಾರಿ ಇನ್ನೂ ಸರಿಯಾಗಿ ಗೊತ್ತಾಗಿರಲಿಲ್ಲ. ಆ ಕಾಲದಲ್ಲಿ ಮಿಂಚು ಮತ್ತು ಗುಡುಗು ಒಟ್ಟೊಟ್ಟಿಗೇ ಬರುತ್ತಿದ್ದರು ಮಗೂ. ಬೆಳಕೂ ಸದ್ದೂ ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ.

ಮಳೆ ಸುರಿಸುವುದು ಒಬ್ಬರ ಕೆಲಸವಲ್ಲ. ನೀರು ಹೊರುವವನು ಮುಗಿಲಜ್ಜ. ಅವನಿಗೆ ವಯಸ್ಸಾಗಿತ್ತು, ಹೊಟ್ಟೆ ದೊಡ್ಡದು, ಕಣ್ಣು ಕಾಣುತ್ತಿರಲಿಲ್ಲ. ಅವನ ಬದಲು ನೆಲವನ್ನು ನೋಡಿ ಬರುವವಳು ಮಿಂಚು. ಮಳೆ ಬರುತ್ತದೆ, ಜಾಗ ಬಿಡಿ ಎಂದು ಕೆಳಗಿನವರಿಗೆ ಸಾರುವವನು ಗುಡುಗು. ಸುದ್ದಿ ಒಯ್ಯುವವಳು ತಂಗಾಳಿ.

ಪ್ರತಿ ಮಳೆಗೂ ಮುಂಚೆ ಇವರೆಲ್ಲ ಬೆಟ್ಟದ ತಲೆಯ ಮೇಲೆ ಸಭೆ ಸೇರುತ್ತಿದ್ದರು. ಮಿಂಚು ತಾನು ಕಂಡದ್ದನ್ನು ಹೇಳಬೇಕು. ಯಾವ ಪೊದೆಯಲ್ಲಿ ಗೂಡಿದೆ, ಯಾವ ಬಿಲದಲ್ಲಿ ಮರಿಗಳಿವೆ, ಎಲ್ಲಿ ನೆಲ ಬಾಯಾರಿದೆ. ಅದನ್ನು ಕೇಳಿ ಮುಗಿಲಜ್ಜ ಎಲ್ಲಿ ಸುರಿಸಬೇಕೆಂದು ತೀರ್ಮಾನಿಸುತ್ತಿದ್ದ.

ಮಿಂಚಿನ ದನಿ ಸಣ್ಣದು. ಅವಳು ಮೆಲ್ಲಗೆ, ಯೋಚಿಸಿ ಮಾತಾಡುವವಳು. ಗುಡುಗಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಉಳಿದದ್ದು ತನಗೆ ತಿಳಿಯಿತು ಎಂದುಕೊಳ್ಳುತ್ತಿದ್ದ. ಅವಳ ಮಾತಿನ ಬಾಲವನ್ನು ಕಿತ್ತುಕೊಂಡು ತಾನೇ ಮುಗಿಸುತ್ತಿದ್ದ. ಮಿಂಚು ಸುಮ್ಮನಾಗುತ್ತಿದ್ದಳು. ಮತ್ತೊಂದು ಸಭೆಯಲ್ಲಿ ಮತ್ತೆ ಹಾಗೆಯೇ. ಅವಳು ಮತ್ತೆ ಸುಮ್ಮನಾಗುತ್ತಿದ್ದಳು.

ಹಾಗೆ ಮಾತು ಅರ್ಧಕ್ಕೆ ನಿಂತು ಒಮ್ಮೆ ಒಂದು ಹುತ್ತ ಕರಗಿಹೋಯಿತು. ಒಮ್ಮೆ ಗುಬ್ಬಿಯ ಗೂಡು ನೀರಿಗೆ ಬಿತ್ತು. ಆಗಲೇ ಗುಡುಗಿನೊಡನೆ ಮಾತಾಡಬೇಕೆಂದು ಮಿಂಚು ಅಂದುಕೊಂಡಳು. ತಂಗಾಳಿಯನ್ನು ಕರೆದು ಮಾತು ಕೂಡ ಶುರುಮಾಡಿದಳು. ಆಮೇಲೆ ಅವಳಿಗೆ ಅಳುಕಾಯಿತು. ಅವನು ಬೇಸರಪಟ್ಟುಕೊಂಡರೆ? ಇಷ್ಟು ಸಣ್ಣದಕ್ಕೆ ದೂರುತ್ತಾಳೆ ಎಂದುಕೊಂಡರೆ? ಬೇಡ ಬಿಡು ಎಂದು ತಂಗಾಳಿಯನ್ನು ವಾಪಸು ಕಳಿಸಿದಳು.

ಆ ವರ್ಷ ಬಯಲಿನಲ್ಲಿ ಹುಲ್ಲು ಎತ್ತರಕ್ಕೆ ಬೆಳೆದಿತ್ತು. ಒಣಗಿದ ಹಳ್ಳದ ಒಳಗೂ ಹುಲ್ಲು ತುಂಬಿತ್ತು. ಹುಲ್ಲೆಗಳು ಅಲ್ಲಿಯೇ ಮರಿ ಹಾಕಿದ್ದವು. ತಾಯಂದಿರು ಮೇಯಲು ಹೋಗುವಾಗ ಮರಿಗಳಿಗೆ ಒಂದೇ ಮಾತು ಹೇಳಿ ಹೋಗುತ್ತಿದ್ದವು. ಏನೇ ಕಂಡರೂ ಅಲುಗಬೇಡಿ, ನಾವು ಬರುವವರೆಗೆ ಮಲಗಿಯೇ ಇರಿ.

ಮಿಂಚು ಅದನ್ನು ನೋಡಿ ಬಂದಳು. ಸಭೆ ಸೇರಿತು. ಅವಳು ಹೇಳತೊಡಗಿದಳು.

"ಅಜ್ಜಾ, ಹಳ್ಳದ ಹುಲ್ಲಿನ ಮೇಲೆ ಮಳೆ ಸುರಿಸಬಹುದು..."

"ಹಳ್ಳದ ಮೇಲೆ ಸುರಿಸಬಹುದಂತೆ" ಎಂದು ಗುಡುಗು ಮೊಳಗಿದ.

ಸುರಿಸಬಹುದು ಎಂದು ನಿನ್ನೆ ಅನ್ನಿಸಿತ್ತು, ಇವತ್ತು ಅಲ್ಲಿ ಮರಿಗಳಿವೆ, ಬೇಡ ಎಂದು ಅವಳು ಹೇಳಬೇಕಾಗಿತ್ತು. ಹೇಳಲು ನೋಡಿದಳು ಕೂಡ. ಗುಡುಗಿನ ದನಿ ಬೆಟ್ಟದಿಂದ ಬೆಟ್ಟಕ್ಕೆ ಬಡಿದು ತಿರುಗಿ ಬರುತ್ತಿತ್ತು. ಆ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಅಷ್ಟರಲ್ಲಿ ಮುಗಿಲಜ್ಜ ಹೊಟ್ಟೆ ಸಡಿಲಿಸಿದ್ದ.

ಮಿಂಚು ಹಳ್ಳಕ್ಕೆ ಓಡಿದಳು. ಹುಲ್ಲಿನ ಮೇಲೆ ಹೊಳೆದಳು, ಮತ್ತೆ ಹೊಳೆದಳು. ಏಳಿ, ಏಳಿ ಎಂದಳು. ಮರಿಗಳು ಅವಳನ್ನು ನೋಡಿದವು. ಅಮ್ಮ ಹೇಳಿದ್ದಳಲ್ಲ, ಅಲುಗಬೇಡಿ ಎಂದು. ಅವು ಕಿವಿ ಮಡಿಸಿಕೊಂಡು ಇನ್ನಷ್ಟು ನೆಲಕ್ಕೆ ಒತ್ತಿಕೊಂಡವು. ಹಳ್ಳದ ಮೇಲ್ಗಡೆಯಿಂದ ಮಣ್ಣು ಕಲಸಿದ ಕೆಂಪು ನೀರು ನುಗ್ಗಿ ಬಂತು.

ಮಳೆ ನಿಂತ ಮೇಲೆ ಹುಲ್ಲೆಗಳು ಬಂದವು. ಹುಲ್ಲೆಲ್ಲ ಒಂದೇ ಕಡೆಗೆ ಬಾಗಿ ಮಲಗಿತ್ತು. ಒಂದು ತಾಯಿ ದಡದುದ್ದಕ್ಕೂ ಮೂಸುತ್ತಾ ನಡೆಯಿತು. ಕೊನೆಗೆ ತಲೆ ಎತ್ತಿ ಮಿಂಚನ್ನು ಕೇಳಿತು.

"ನೀನು ನೋಡಿದ್ದೆಯಲ್ಲವೇ?"

"ನೋಡಿದ್ದೆ."

"ಮತ್ತೆ ಹೇಳಲಿಲ್ಲವೇ?"

"ಹೇಳುತ್ತಿದ್ದೆ" ಎಂದಳು ಮಿಂಚು.

ತಾಯಿ ಬೈಯಲಿಲ್ಲ. ತಿರುಗಿ ಮತ್ತೆ ದಡ ಮೂಸಲು ಹೋಯಿತು.

ಮಿಂಚಿಗೆ ಮೈಯೆಲ್ಲ ಉರಿಯಿತು. ಗುಡುಗಿಗೆ ಮಾತು ಕಳಿಸಲು ತಂಗಾಳಿಯನ್ನು ಕರೆದಳು. ತಂಗಾಳಿ ಕೇಳಿದ್ದು ಒಂದೇ, ಇದು ಎಲ್ಲರ ಕಿವಿಗೋ, ಒಬ್ಬರ ಕಿವಿಗೋ ಎಂದು. ಎಲ್ಲರಿಗೂ ಕೇಳಲಿ ಎಂದು ಮಿಂಚಿನ ಬಾಯಿಗೆ ಬಂತು. ನೀನು ಕೊಲೆಗಾರ, ನಿನಗೆ ಕಿವಿಯೇ ಇಲ್ಲ, ಬಾಯಿ ಮಾತ್ರ ಎಂದೆಲ್ಲ ಒದರಿದಳು.

ತಂಗಾಳಿ ಹೊರಡಲಿಲ್ಲ. ತಾನು ಒಯ್ಯುವುದು ಬರೀ ಮಾತು ಎಂದಳು. ಮಿಂಚಿನ ಮುಖವನ್ನು ಒಯ್ಯಲಾಗದು, ಕಣ್ಣೀರನ್ನು ಒಯ್ಯಲಾಗದು. ಬರೀ ಮಾತು ಹೋದರೆ, ಕೇಳುವವನು ಅದಕ್ಕೆ ತನಗೆ ತೋಚಿದ ದನಿ ಹಚ್ಚಿಕೊಳ್ಳುತ್ತಾನೆ. ಒಮ್ಮೆ ಕಿವಿಗೆ ಬಿದ್ದ ಮೇಲೆ ವಾಪಸು ತರಲಾಗದು. ಈಗಲೇ ಕಳಿಸಬೇಕೇ?

ಮಿಂಚು ಉರಿ ತಣಿಯುವವರೆಗೆ ಕುಳಿತಳು. ಎಲ್ಲರ ಎದುರು ಹೇಳಿದರೆ ಗುಡುಗು ಮುಖ ಉಳಿಸಿಕೊಳ್ಳಲು ಇನ್ನೂ ಜೋರಾಗಿ ಮೊಳಗುತ್ತಾನೆ. ನೇರ ಅಜ್ಜನ ಬಳಿ ದೂರು ಒಯ್ದರೆ, ತನಗೊಂದು ಮಾತೂ ಹೇಳಲಿಲ್ಲವಲ್ಲ ಎಂದು ಗುಡುಗಿಗೆ ಅನ್ನಿಸುತ್ತದೆ. ಮೊದಲು ಅವನಿಗೇ, ಅವನೊಬ್ಬನಿಗೇ ಹೇಳಬೇಕು. ಕೇಳದಿದ್ದರೆ ಅಜ್ಜ ಇದ್ದೇ ಇದ್ದಾನೆ.

ಬೈಗುಳಗಳನ್ನೆಲ್ಲ ತೆಗೆದುಹಾಕಿದಳು. ನೀವು ಯಾವಾಗಲೂ ಹೀಗೆಯೇ ಎಂಬ ಮಾತನ್ನೂ ತೆಗೆದಳು. ಆ ಮಾತು ಇದ್ದರೆ ಅವನು ಅದಕ್ಕೇ ಜಗಳ ಹಿಡಿಯುತ್ತಾನೆ, ಉಳಿದದ್ದು ಕೇಳುವುದಿಲ್ಲ. ಮರಿಗಳು ಸತ್ತದ್ದನ್ನು ಹೇಳಲೇ ಎಂದು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಅದನ್ನೂ ಬಿಟ್ಟಳು. ಹಳ್ಳ ಅವನಿಗೂ ಕಾಣುತ್ತಿತ್ತು. ಅರ್ಧಕ್ಕೆ ನಿಂತ ಮಾತು ಯಾವುದು, ಅದರಿಂದ ಏನಾಗುತ್ತದೆ, ಅವನು ಏನು ಮಾಡಬೇಕು, ಇಷ್ಟನ್ನೇ ಉಳಿಸಿಕೊಂಡಳು. ಒಮ್ಮೆ ತನಗೆ ತಾನೇ ಹೇಳಿಕೊಂಡಳು, ಅವನ ಕಿವಿಯಿಂದ ಕೇಳಿಸಿಕೊಂಡ ಹಾಗೆ. ಆಮೇಲೆ ತಂಗಾಳಿಯ ಕೈಗೆ ಕೊಟ್ಟಳು.

"ಗುಡುಗಣ್ಣ, ನಿಮಗೆ ಬಿಡುವಿದ್ದಾಗ ಇದನ್ನು ಕೇಳಿ. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ಹಿಂದಿನ ಸಭೆಯಲ್ಲಿ ಹಳ್ಳದ ವಿಷಯ ಹೇಳುವಾಗ ನನ್ನ ಮಾತು ಮುಗಿದಿರಲಿಲ್ಲ, ನಡುವೆ ನೀವು ಶುರುಮಾಡಿದಿರಿ. ಕೊನೆಯ ಮಾತು ಯಾರಿಗೂ ಕೇಳಲಿಲ್ಲ. ಅದಕ್ಕೆ ಮುಂಚಿನ ಸಭೆಗಳಲ್ಲೂ ಕೆಲವು ಸಲ ಹೀಗಾಗಿದೆ. ನೀವು ಬೇಕೆಂದು ಮಾಡುತ್ತೀರಿ ಎಂದು ನಾನು ಅಂದುಕೊಂಡಿಲ್ಲ. ಆದರೆ ಮಾತು ಅರ್ಧಕ್ಕೆ ನಿಂತರೆ ನನಗೆ ಗಲಿಬಿಲಿಯಾಗುತ್ತದೆ, ಹೇಳಲೇಬೇಕಾದದ್ದು ಉಳಿದುಹೋಗುತ್ತದೆ. ಇನ್ನು ಮೇಲೆ ನಾನು ಮುಗಿಸುವವರೆಗೆ ದಯವಿಟ್ಟು ಕಾಯುತ್ತೀರಾ? ಆಮೇಲೆ ನಿಮ್ಮ ಮಾತು ಹೇಳಿ, ಅದೂ ಸಭೆಗೆ ಬೇಕು. ನಿಮಗೆ ಏನನ್ನಿಸಿತು ಎಂದು ತಿಳಿಸಿ."

ತಂಗಾಳಿ ಹೋದಳು. ತಿರುಗಿ ಬಂದು, ಕೇಳಿಸಿಕೊಂಡ ಎಂದಳು.

ಏನಂದ ಎಂದು ಮಿಂಚು ಕೇಳಿದಳು. ಏನೂ ಅನ್ನಲಿಲ್ಲ ಎಂದಳು ತಂಗಾಳಿ.

ಆ ಕಾಯುವಿಕೆ ಮಿಂಚಿಗೆ ಬಹಳ ಭಾರವಾಯಿತು. ಕಳಿಸಿದ ಮಾತು ಬಿರುಸಾಯಿತೇನೋ ಎಂದು ಒಮ್ಮೆ ಅನ್ನಿಸಿತು. ಮೆತ್ತಗಾಯಿತೇನೋ ಎಂದು ಇನ್ನೊಮ್ಮೆ. ಮತ್ತೊಂದು ಮಾತು ಕಳಿಸಿ, ತಪ್ಪು ತಿಳಿಯಬೇಡಿ ಎನ್ನೋಣವೇ ಎಂದುಕೊಂಡಳು. ಕಳಿಸಲಿಲ್ಲ. ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಗುಡುಗಿನ ಮೊದಲ ಉತ್ತರ ಬಂದಾಗ ಅದರಲ್ಲಿ ಸಿಟ್ಟಿತ್ತು. ಅಜ್ಜನಿಗೆ ಕಣ್ಣಷ್ಟೇ ಅಲ್ಲ, ಕಿವಿಯೂ ಮಂದವಾಗುತ್ತಿದೆ, ನಿನ್ನ ದನಿ ಸಣ್ಣದು, ಅವನಿಗೆ ಕೇಳಲಿ ಎಂದು ನಾನು ಜೋರಾಗಿ ಹೇಳಿದರೆ ಅದೂ ತಪ್ಪೇ ಎಂದಿದ್ದ.

ಮಿಂಚು ಅದಕ್ಕೆ ಸಿಟ್ಟಾಗಲಿಲ್ಲ. ಅಜ್ಜನ ಕಿವಿಯ ವಿಷಯ ತನಗೆ ಗೊತ್ತಿರಲಿಲ್ಲ, ಹೇಳಿದ್ದು ಒಳ್ಳೆಯದಾಯಿತು ಎಂದಳು. ನೀವು ಜೋರಾಗಿ ಹೇಳಬೇಕಾದದ್ದು ನಿಜ, ನಾನು ಮುಗಿಸಿದ ಮೇಲೆ ಹೇಳಿ, ಆಗ ಪೂರ್ತಿ ಮಾತು ಅವನಿಗೆ ಮುಟ್ಟುತ್ತದೆ ಎಂದಳು. ಕಾಯಬೇಕೆಂದು ತಾನು ಕೇಳಿದ್ದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಆಮೇಲೆ ಬಂದ ಉತ್ತರ ಪುಟ್ಟದು. ಅದನ್ನು ಹೇಳುವಾಗ ತಂಗಾಳಿಯ ದನಿಯೂ ತಗ್ಗಿತ್ತು.

"ಹಳ್ಳದ ಬಗ್ಗೆ ನೀನು ಹೇಳಬೇಕಾಗಿದ್ದ ಕೊನೆಯ ಮಾತು ಏನಾಗಿತ್ತು?"

ಮಿಂಚು ಇದ್ದದ್ದನ್ನೇ ಕಳಿಸಿದಳು. "ಇವತ್ತು ಅಲ್ಲಿ ಮರಿಗಳಿವೆ, ಬೇಡ."

ಗುಡುಗು ಬೆಟ್ಟದ ಹಿಂದೆ ಹೋಗಿ ಕುಳಿತ. ಅಲ್ಲಿಂದ ಒಂದು ಕೊರಗಿನ ಸದ್ದು ಬರುತ್ತಿತ್ತು, ನೆಲದೊಳಗೆ ಬಂಡೆ ಉರುಳಿದ ಹಾಗೆ. ಬಹಳ ಹೊತ್ತಿನ ಮೇಲೆ ಅವನ ಮಾತು ಬಂತು.

"ಕಾಯುತ್ತೇನೆ ತಂಗಿ. ನಿನ್ನ ಮಾತು ಮುಗಿಯಿತು ಎಂದು ನನಗೆ ಗೊತ್ತಾಗುವುದು ಹೇಗೆ?"

"ನನ್ನ ಬೆಳಕು ಪೂರ್ತಿ ಆರಿದರೆ ಮುಗಿಯಿತು ಎಂದು ತಿಳಿಯಿರಿ. ಒಪ್ಪಿದ್ದಕ್ಕೆ ನಿಮಗೆ ಋಣಿ, ಅಣ್ಣ."

ಮುಂದಿನ ಸಭೆಯಲ್ಲಿ ಮಿಂಚು ಮಾತು ತೆಗೆದಳು. ಅರ್ಧಕ್ಕೆ ಬಂದಾಗ ಗುಡುಗಿನ ಬಾಯಿ ತೆರೆದುಕೊಂಡಿತು. ಗಂಟಲಿನಲ್ಲಿ ಒಂದು ಗುರುಗುರು ಎದ್ದಿತು. ಮಿಂಚು ಅವನತ್ತ ನೋಡಿ, ಇನ್ನೊಂದು ಮಾತಿದೆ ಅಣ್ಣ ಎಂದು ಮೆಲ್ಲಗೆ ಅಂದಳು. ಗುಡುಗು ಗುರುಗುರುವನ್ನು ನುಂಗಿಕೊಂಡ. ಅವಳು ಕೊನೆಯವರೆಗೂ ಹೇಳಿದಳು. ಅವಳ ಬೆಳಕು ಆರಿತು. ಬೆಟ್ಟದ ಮೇಲೆ ಯಾರೂ ಮಾತಾಡಲಿಲ್ಲ. ಆ ಮೌನ ಮುಗಿಲಜ್ಜನಿಗೆ ಹೊಸದು, ಏನಾಯಿತು ಎಂದು ತಲೆ ಆಡಿಸಿದ. ಆಗ ಗುಡುಗು ಅವಳ ಮಾತನ್ನು ಒಂದೂ ಬಿಡದೆ ಸಾರಿದ.

ಅಂದಿನ ಮಳೆಯಲ್ಲಿ ಯಾವ ಗೂಡೂ ಬೀಳಲಿಲ್ಲ.

ಆದರೆ ಹಳ್ಳದ ಮರಿಗಳು ತಿರುಗಿ ಬರಲಿಲ್ಲ ಮಗೂ. ಗುಡುಗು ಒಮ್ಮೆ ಆ ತಾಯಿಯ ಬಳಿ ಹೋಗಿ ತಪ್ಪಾಯಿತು ಎನ್ನಲು ನೋಡಿದ. ಅವನ ದನಿ ಕೇಳಿದ್ದೇ ತಡ, ಅದು ಬಯಲು ದಾಟಿ ಓಡಿಹೋಯಿತು. ಅವನು ಎಷ್ಟು ಮೆತ್ತಗೆ ಹೇಳಿದರೂ ಹುಲ್ಲೆಗಳಿಗೆ ಅದು ಅದೇ ದನಿ. ಮಿಂಚಿಗೂ ನೆಮ್ಮದಿ ಬರಲಿಲ್ಲ. ಗುಬ್ಬಿಯ ಗೂಡು ಬಿದ್ದ ದಿನವೇ ತಂಗಾಳಿಯನ್ನು ಕಳಿಸಿದ್ದರೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಅವಳು ಅದನ್ನು ಗುಡುಗಿಗೆ ಹೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರೂ ಕೆಲಸಕ್ಕೆ ಹೋದರು.

ಇವತ್ತಿಗೂ ಹಾಗೆಯೇ. ಮಳೆ ದೂರವಿದ್ದರೆ ಗುಡುಗು ತುಂಬ ಹೊತ್ತು ಕಾಯುತ್ತಾನೆ. ಮಳೆ ತಲೆಯ ಮೇಲೇ ಬಂದಾಗ ಹೆಚ್ಚು ಕಾಯಲು ಹೊತ್ತಿರುವುದಿಲ್ಲ, ಆಗಲೂ ಅವಳ ಬೆಳಕು ಆರುವುದನ್ನು ನೋಡಿಯೇ ಬಾಯಿ ತೆರೆಯುತ್ತಾನೆ. ಕಿಟಕಿಯಲ್ಲಿ ಫಳ್ಳನೆ ಬೆಳಕು ಬಂದ ಮೇಲೆ ನೀನು ಕಿವಿ ಮುಚ್ಚಿಕೊಂಡು, ಈಗ ಬರುತ್ತದೆ, ಈಗ ಬರುತ್ತದೆ ಎಂದು ಉಸಿರು ಹಿಡಿಯುತ್ತೀಯಲ್ಲ, ಆ ಸುಮ್ಮನಿರುವ ಹೊತ್ತು ಗುಡುಗು ತನ್ನ ತಂಗಿಯ ಮಾತು ಮುಗಿಯಲೆಂದು ಕಾಯುತ್ತಿರುವ ಹೊತ್ತು.