ನಡುಗಂಬದ ರೊಟ್ಟಿ

“ನಲವತ್ತು ವರ್ಷ ದಾಟಿಸೂದು ಹೆಂಗ, ಅಜ್ಜಾ?” ಎಂದು ಶಿಷ್ಯ ಕೇಳಿದ.

ಗುರು ಎತ್ತಿಗೆ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ.

ಶಿಷ್ಯನ ಹೆಸರು ಭೀಮಶಿ, ಗುರುವಿನ ಹೆಸರು ಲಗಮಪ್ಪ. ಇಬ್ಬರೂ ಹೆಳವರು. ಕೆಲವು ವರ್ಷಗಳಿಗೊಮ್ಮೆ ಒಕ್ಕಲು ಮನೆಗಳ ಬಾಗಿಲಿಗೆ ಹೋಗಿ, ಆ ಮನೆಯ ಕತೆಯನ್ನು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೇಳುವುದು ಅವರ ಕಸುಬು. ಯಾವ ಮನೆಗೆ ಯಾರು ಹೋಗಬೇಕೆಂಬುದು ತಂದೆಯಿಂದ ಮಗನಿಗೆ ಬರುತ್ತದೆ. ಭೀಮಶಿಗೆ ಬಂದ ಮನೆಗಳಲ್ಲಿ ಒಂದು ದೊಡ್ಡದು. ಅವನ ತಂದೆ, ತಂದೆಯ ತಂದೆ ಹೇಳಿದ ಮನೆ. ಅದು ಈಗ ಕೈತಪ್ಪುವುದರಲ್ಲಿತ್ತು.

ಹಿಂದಿನ ದಿನ ಅವನು ಅಲ್ಲಿಗೆ ಹೋಗಿದ್ದ. ಮನೆಯ ಅಜ್ಜ ತೀರಿಕೊಳ್ಳುವವರೆಗೆ ಚೆನ್ನಾಗಿಯೇ ಹೇಳಿದ. ಅಲ್ಲಿಂದ ಮೊಮ್ಮಗಳ ಮದುವೆಗೆ ಬರಬೇಕಿತ್ತು. ‘ಹೀಗೆ ನಲವತ್ತು ವರ್ಷ ಉರುಳಿದವು’ ಎಂದ. ಕೂತವರು ಮುಖ ಮುಖ ನೋಡಿಕೊಂಡರು. ಯಾರ ಮದುವೆ, ಈ ಹುಡುಗಿ ಎಲ್ಲಿಂದ ಬಂದಳು ಎಂದು ಒಬ್ಬಾಕೆ ಕೇಳಿದಳು. ಭೀಮಶಿ ಹಿಂದಕ್ಕೆ ಹೋಗಿ ನಲವತ್ತು ವರ್ಷವನ್ನೂ ಬಿಡದೆ ಹೇಳಿದ. ಹುಟ್ಟಿದವರು, ಸತ್ತವರು, ತೋಡಿಸಿದ ಬಾವಿ, ಕೊಂಡ ಎತ್ತು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಎದ್ದುಹೋದರು. ಉಳಿದ ಒಬ್ಬ ಮುದುಕ ಗೋಡೆಗೆ ಒರಗಿ ಗೊರಕೆ ಹೊಡೆದ.

ಯಜಮಾನ ಬಾಗಿಲವರೆಗೆ ಬಂದು ಹೇಳಿದ್ದ: “ಹೆಸರೆಲ್ಲಾ ಗ್ವಾಡಿ ಮ್ಯಾಲ ಬರಸೇವಿ, ಭೀಮಶಿ. ಫೋಟೋನೂ ಅದಾವು. ನಿಮ್ಮಪ್ಪನ ಮುಖ ನೋಡಿ ಇನ್ನೊಮ್ಮೆ ಕೇಳ್ತೀವಿ, ನಾಡಿದ್ದ ಬಾ. ಅದೂ ಹಿಂಗ ಆದ್ರ ಮುಂದ ನಮ್ಮ ಬಾಗಿಲಿಗೆ ಕಾಲು ಸವಸಬ್ಯಾಡ.”

ಇದನ್ನೆಲ್ಲ ಗುರುವಿಗೆ ಹೇಳಿ ಭೀಮಶಿ ಎಂದ: “ಉರುಳಿದವು ಅಂದ್ರ ಏನೂ ಉರುಳಿದಂಗ ಆಗೂದಿಲ್ಲ. ಎಲ್ಲಾ ಹೇಳಿದ್ರ ನಿದ್ದಿ.”

“ಆ ತುಣುಕು ಹೇಳು.”

“ಅಜ್ಜ ತೀರಿಕೊಂಡ. ಮಕ್ಕಳು ದೊಡ್ಡವರಾದರು. ಕಾಲ ಬದಲಾಯಿತು.”

“ಯಾರು ನೋಡಿದ್ರು?”

“ಏನನ್ನ?”

“ಕಾಲ ಬದಲಾಗಿದ್ದು.”

ಗುರು ಹಗ್ಗ ಕೆಳಗಿಟ್ಟ. ಅವನು ಕೆಲಸ ನಿಲ್ಲಿಸಿ ಮಾತಾಡುವುದು ಅಪರೂಪ. ಭೀಮಶಿ ಹತ್ತಿರ ಸರಿದು ಕೂತ.

ಒಬ್ಬ ರೈತನಿದ್ದ ಎಂದು ಗುರು ಶುರುಮಾಡಿದ. ವಯಸ್ಸಾಗಿತ್ತು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಹಸಿವು ಮಾತ್ರ ಹಾಗೇ ಇತ್ತು. ಮನೆಗೆ ಹೊಸ ಸೊಸೆ ಬಂದಳು. ಬೆಳಿಗ್ಗೆ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ನಾಲ್ಕು ಚೂರು ಮಾಡಿ, ತಟ್ಟೆಯಲ್ಲಿ ಹಾಕಿ, ನಡುಗಂಬದ ಬುಡದಲ್ಲಿ ಆರಲು ಇಡುತ್ತಿದ್ದಳು. ಅಲ್ಲಿ ಗಾಳಿ ಆಡುತ್ತಿತ್ತು. ಆರಿದ ಮೇಲೆ ಮೇಲಿಂದ ಹಾಲು ಹಾಕುತ್ತಿದ್ದಳು. ಮುದುಕ ಅಷ್ಟು ತಡೆಯುತ್ತಿರಲಿಲ್ಲ. ಕಂಬ ಹಿಡಿದು ಕೂತು ತಟ್ಟೆಗೆ ಬೆರಳು ಹಾಕುತ್ತಿದ್ದ.

“ಆರಲಿ ತಡೀರಿ, ಮಾವ. ಹಲ್ಲಂತೂ ಹೋದವು, ನಾಲಿಗಿನೂ ಸುಟ್ಟುಕೊಂಡ್ರ ನನ್ನ ಬೈಯಾಕ ಏನುಳೀತದ?”

“ಬೈಯಾಕ ನಿಮ್ಮತ್ತಿ ಇದ್ದಾಳಲ್ಲವ್ವಾ,” ಎಂದು ಮುದುಕ ನಗುತ್ತಿದ್ದ. ಒಳಗಿನಿಂದ ಅತ್ತೆ ಏನೋ ಅನ್ನುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು, ಬಳೆಯ ಸದ್ದು ಎರಡೂ ಸೇರಿ ಅದು ಕೇಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸೊಸೆ ಮೊದಲ ರೊಟ್ಟಿ ಮುರಿದು ಕಂಬದ ಬುಡದಲ್ಲಿ ಇಟ್ಟಳು. ಹಿಟ್ಟೆಲ್ಲ ಮುಗಿಯಿತು, ಒಲೆ ಆರಿತು. ರೊಟ್ಟಿ ಅಲ್ಲೇ ಇತ್ತು.

“ಮುದುಕ ಸತ್ತನೇನು?” ಎಂದು ಭೀಮಶಿ ಕೇಳಿದ.

“ರೊಟ್ಟಿ ಅಲ್ಲೇ ಇತ್ತು ಅಂದೆನಲ್ಲಾ,” ಎಂದ ಗುರು. ಮುಂದುವರಿಸಿದ.

ಆ ರೊಟ್ಟಿಯನ್ನು ಅವಳು ಎತ್ತಿಗೆ ಹಾಕಿದಳು. ಮರುದಿನ ಇಡಬಾರದು ಅಂದುಕೊಂಡೇ ಹಂಚು ಇಟ್ಟಳು. ಕೈ ಮಾತು ಕೇಳಲಿಲ್ಲ.

ಅವಳ ಮಗ ಒಂದು ಬೆಳಿಗ್ಗೆ ಅಂಬೆಗಾಲಲ್ಲಿ ಹೋಗಿ ಆ ತಟ್ಟೆಯಿಂದ ಒಂದು ಚೂರು ಎತ್ತಿಕೊಂಡ. ಅವಳು ಬೇಡವೆನ್ನಲಿಲ್ಲ. ಆಮೇಲೊಂದು ಬೆಳಿಗ್ಗೆ ಅದೇ ಮಗ ಎದ್ದು ನಿಂತು, ಮೇಲಿನ ಅಡ್ಡಪಟ್ಟಿ ಹಣೆಗೆ ಬಡಿಯದಂತೆ ತಲೆ ತಗ್ಗಿಸಿ ಕಂಬದ ಪಕ್ಕ ದಾಟಿ ಹೊಲಕ್ಕೆ ಹೋದ.

ಆ ಮನೆಗೆ ಈಗ ಅವಳನ್ನು ಅತ್ತೆ ಎನ್ನುವವಳು ಬಂದಳು. ಬಂದ ಮೂರನೆಯ ದಿನ ಒಲೆಯ ಮುಂದೆ ಕೂತು ಮೊದಲ ರೊಟ್ಟಿ ಬೇಯಿಸಿದಳು. ಅತ್ತೆ ಹೇಳಿದಳು: “ಅದನ್ನ ನಾಕು ಚೂರು ಮಾಡಿ ಕಂಬದ ಬುಡಕ್ಕ ಇಡವ್ವಾ.”

“ಯಾರಿಗ್ರೀ, ಅತ್ತಿ?”

ಅತ್ತೆ ಬಾಯಿ ತೆರೆದಳು. ಹೇಳಬೇಕೆಂದೇ ತೆರೆದಳು. ಅಷ್ಟರಲ್ಲಿ ಹೊರಗೆ ಕರು ಹಗ್ಗ ಕಿತ್ತುಕೊಂಡಿತು. ಅವಳ ಗಂಡ ಕೂಗಿದ. ಅವಳು ಏಳುತ್ತ, “ನಮ್ಮ ಮನ್ಯಾಗ ಹಂಗ,” ಎಂದಷ್ಟೇ ಹೇಳಿ ಹೋದಳು. ಕರುವನ್ನು ಹಿಡಿದು ಕಟ್ಟಿ ಬರುವ ಹೊತ್ತಿಗೆ ಸೊಸೆ ಎಂಟನೆಯ ರೊಟ್ಟಿ ಬಡಿಯುತ್ತಿದ್ದಳು. ಇನ್ನೊಮ್ಮೆ ಕೇಳಲಿಲ್ಲ. ಇವಳೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಸೊಸೆಗೆ ಜ್ವರ. ಅತ್ತೆಯೇ ಹಿಟ್ಟಿಗೆ ಕೈ ಹಾಕಿದಳು. ರೊಟ್ಟಿ ಬಡಿಯುವ ಸದ್ದು ಮನೆಗೆಲ್ಲ ಕೇಳಿತು. ಬಳೆಯ ಸದ್ದು ಇರಲಿಲ್ಲ.

ಭೀಮಶಿ ಏನೋ ಕೇಳಲು ಹೋಗಿ ತಾನೇ ನಿಲ್ಲಿಸಿದ. ಅವಳ ಗಂಡ ಹೊರಗಿನಿಂದ ಕೂಗಿದ್ದು ಈಗಷ್ಟೇ ಎಂಬಂತೆ ಅವನ ಕಿವಿಯಲ್ಲಿತ್ತು.

ಮಳೆಗೆ ಹಳೆಯ ಮನೆ ಸೋರತೊಡಗಿತು ಎಂದ ಗುರು. ಮಗ ಅದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟ. ಮನೆ ಕಟ್ಟುವ ಗವಂಡಿ ಬಂದು ಅಳತೆ ಹಾಕಿದ. ನಡುವೆ ಕಂಬ ಬೇಕೆಂದು ಮನೆಯವರು ಹಟ ಹಿಡಿದರು.

“ಈ ಕಂಬ ಏನೂ ಹೊರೂದಿಲ್ರೀ. ಓಡಾಡಾಕ ಅಡ್ಡ ಆಗ್ತೈತಿ,” ಎಂದ ಗವಂಡಿ.

“ಇರ್ಲಿ. ನಮ್ಮ ಹಿರ್‍ಯಾರ ಕಂಬ ಅದು,” ಎಂದಳು ಸೊಸೆ. ಅವಳ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿತ್ತು.

ಗವಂಡಿ ತಲೆ ಕೆರೆದುಕೊಂಡು ಕಂಬ ನಿಲ್ಲಿಸಿದ. ಅದು ಸ್ಲ್ಯಾಬನ್ನು ಮುಟ್ಟಲು ಎರಡು ಬೆರಳು ಕಡಿಮೆ ಬಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ. ಒಳಗೆ ಬಂದವರು ಅದನ್ನು ಸುತ್ತಿ ಹೋಗುವುದನ್ನು ಕಲಿತರು. ಆ ಮನೆಯ ಕೂಸುಗಳು ನಡೆಯುವುದನ್ನು ಕಲಿತದ್ದೇ ಕಂಬ ಸುತ್ತಿ.

ಗ್ಯಾಸ್ ಒಲೆಯ ಮುಂದೆ ಈಗ ನಿಂತು ರೊಟ್ಟಿ ಮಾಡುವವಳು ಮೊಮ್ಮಗನ ಹೆಂಡತಿ. ಮೊದಲ ರೊಟ್ಟಿ ಇಳಿಸಿ ನಾಲ್ಕು ಚೂರು ಮಾಡಿದಳು. ಕಂಬಕ್ಕೆ ಅರಿಶಿನ ಹಚ್ಚಿದಳು, ತಟ್ಟೆ ಇಟ್ಟಳು, ಕೈ ಮುಗಿದಳು. ಎರಡನೆಯ ರೊಟ್ಟಿಯನ್ನು ಹಾಗೇ, ಬಿಸಿಯಾಗಿ, ಗಟ್ಟಿಯಾಗಿ, ಹಿಂದೆ ಮಾವನಿಗೆ ರೊಟ್ಟಿ ಮುರಿದಿಟ್ಟ, ಈಗ ಗೋಡೆ ಹಿಡಿದು ಕೂತಿದ್ದ ಮುದುಕಿಯ ಮುಂದೆ ಇಟ್ಟಳು.

ಮುದುಕಿ ಅದನ್ನು ಮುರಿಯಲು ನೋಡಿದಳು. ಬೆರಳಲ್ಲಿ ಬಲವಿರಲಿಲ್ಲ. ಬಾಯಿಗೆ ಒಯ್ದಳು. ಮೇಲೆ ಹಲ್ಲಿಲ್ಲ, ಕೆಳಗೂ ಇಲ್ಲ. ಒಸಡಿಗೆ ಬಿಸಿ ತಾಗಿ ಕೆಳಗಿಟ್ಟಳು. ಆಮೇಲೆ ಸರಿದು ಸರಿದು ಕಂಬದ ಹತ್ತಿರ ಹೋದಳು. ಆರಿದ ತಟ್ಟೆಗೆ ಕೈ ಚಾಚಿದಳು.

“ಮುಟ್ಟಬ್ಯಾಡ್ರಿ, ಆಯಿ. ಅದು ಕಂಬದ್ದು.”

ಮುದುಕಿಯ ಕೈ ನಿಂತಿತು. ತಟ್ಟೆಯನ್ನು ನೋಡಿದಳು, ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

“ಕಂಬಕ್ಕೂ ಹಲ್ಲಿಲ್ಲೇನವ್ವಾ?” ಎಂದು ಕೇಳಿದಳು.

ಹುಡುಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಗಂಡ ಊಟಕ್ಕೆ ಬಂದಾಗ, “ಆಯೀಗೆ ಅರಳು ಮರಳು ಸುರುವಾಗೈತಿ,” ಎಂದು ಹೇಳಿದಳು. ಅವನು ಕಂಬ ಸುತ್ತಿ ಹೋಗಿ ಊಟಕ್ಕೆ ಕೂತ.

ಗುರು ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ.

ಭೀಮಶಿಗೆ ತಾನು ಕತೆ ಹೇಳುವ ದೊಡ್ಡ ಮನೆ ಕಣ್ಣಿಗೆ ಬಂತು. ಆ ಮನೆಯ ಹೆಂಗಸರು ಕೊಟ್ಟಿಗೆಗೆ ಕಾಲಿಡುವ ಮೊದಲು ಒಮ್ಮೆ ಕೆಮ್ಮುತ್ತಾರೆ. ಹಿರಿಯಳೂ ಕೆಮ್ಮುತ್ತಾಳೆ, ಮೊನ್ನೆ ಬಂದ ಸೊಸೆಯೂ ಕೆಮ್ಮುತ್ತಾಳೆ. ತಂದೆಯ ಜೊತೆ ಹೋದಾಗಿನಿಂದ ಅವನು ಅದನ್ನು ನೋಡಿದ್ದ, ಹೊಟ್ಟಿನ ಧೂಳಿಗೆ ಇರಬೇಕು ಅಂದುಕೊಂಡಿದ್ದ. ಯಾರು ಮೊದಲು ಕೆಮ್ಮಿದರು? ಒಳಗೆ ಯಾರಿದ್ದರು? ಅವನ ಕತೆಯಲ್ಲಿ ಆ ಕೊಟ್ಟಿಗೆಯೇ ಇರಲಿಲ್ಲ. ಬಾವಿ ಇತ್ತು, ಎತ್ತು ಇತ್ತು, ಇಸವಿ ಇತ್ತು. ಯಜಮಾನ ಹೇಳಿದ ದಿನಕ್ಕೆ ಒಂದೇ ದಿನ ಉಳಿದಿತ್ತು. ಇವತ್ತೇ ಹೋಗಿ ಆ ಮನೆಯ ಹಿರಿಯಳ ಹತ್ತಿರ ಕೂತು ಕೇಳಬೇಕು ಅಂದುಕೊಂಡ.

ಏಳಲು ಹೋದವನಿಗೆ ಒಂದು ಸಂದೇಹ ಉಳಿಯಿತು. ಯಜಮಾನ ಲೆಕ್ಕದ ಮನುಷ್ಯ, ಕೇಳಿಯೇ ಕೇಳುತ್ತಾನೆ.

“ಅಜ್ಜಾ, ಸೊಸಿ ಬಂದಾಗಿಂದ ಇಲ್ಲೀತನಕ ಎಷ್ಟು ವರ್ಷ ಆದವು ಅಂತ ನೀ ಒಮ್ಮೆಯೂ ಹೇಳಲಿಲ್ಲ,” ಎಂದ.

“ಆ ಮುದುಕಿಗೂ ಯಾರೂ ಹೇಳಿರಲಿಲ್ಲ,” ಎಂದ ಗುರು.